ಅಡುಗೆಮನೆಯ ಸಿಂಗಲ್ ಲಿವರ್ ನಲ್ಲಿ ಮುಚ್ಚಿದರೂ ತೊಟ್ಟಿಕ್ಕುತ್ತಿದೆ, ಕಾರ್ಟ್ರಿಜ್ ಬದಲಿಸುವುದು ಹೇಗೆ?

ಮೇಘನಾ_ಕೆ

ಸಿಂಕಿನ ಮೇಲೆ ಕೂರಿಸಿರುವ ಒಂದೇ ಹಿಡಿಯ ಮಿಕ್ಸರ್ ನಲ್ಲಿ ನಮ್ಮದು. ಹಿಡಿ ಎತ್ತಿದರೆ ನೀರು, ಎಡಕ್ಕೆ ತಿರುಗಿಸಿದರೆ ಬಿಸಿ, ಬಲಕ್ಕೆ ತಣ್ಣೀರು. ಈಚೆಗೆ ಹಿಡಿಯನ್ನು ಪೂರ್ತಿ ಕೆಳಗೆ ಒತ್ತಿದರೂ ಮೂತಿಯಿಂದ ಹನಿ ನಿಲ್ಲುತ್ತಿಲ್ಲ. ಅದರ ಜೊತೆಗೆ ಹಿಡಿಯ ಬುಡದಲ್ಲಿ ತೇವ ಜಿನುಗಿ ನಲ್ಲಿಯ ಬೆನ್ನ ಮೇಲೆ ಇಳಿಯುತ್ತೆ. ಇಳಿದ ಜಾಗದಲ್ಲೆಲ್ಲ ಬಿಳಿ ಗೆರೆ ಕಟ್ಟಿದೆ. ಹಿಡಿಯೂ ಮೊದಲಿನ ಹಾಗೆ ನಯವಾಗಿಲ್ಲ, ಮಧ್ಯದಲ್ಲಿ ತಡೆದು ತಡೆದು ತಿರುಗುತ್ತೆ.

ಒಳಗಿನ ಕಾರ್ಟ್ರಿಜ್ ಬದಲಿಸಿದರೆ ಸರಿಹೋಗುತ್ತೆ ಅಂತ ಕೇಳಿದೆ. ನಾನೇ ಬಿಚ್ಚಬೇಕು ಅಂತಿದ್ದೀನಿ. ಸಿಂಕಿನ ಕೆಳಗೆ ಎರಡು ಆಂಗಲ್ ಕಾಕ್ ಇವೆ, ಎರಡೂ ತಿರುಗುತ್ತವೆ. ನಲ್ಲಿಯ ಮೇಲೆ ಮಾಡೆಲ್ ನಂಬರ್ ಏನೂ ಕಾಣಿಸ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಗುಂಡಣ್ಣ

ಅಷ್ಟಕ್ಕೆಲ್ಲ ಕಾರ್ಟ್ರಿಜ್ ಯಾಕ್ರೀ? ಹಿಡಿ ತೆಗೆದರೆ ಒಳಗೊಂದು ದೊಡ್ಡ ನಟ್ ಇರುತ್ತೆ, ಅದನ್ನ ಚೆನ್ನಾಗಿ ಬಿಗಿ ಮಾಡಿ. ನಮ್ಮನೇಲಿ ಹಂಗೇ ನಿಂತೋಯ್ತು. ನಿಲ್ಲಲಿಲ್ಲ ಅಂದ್ರೆ ವಾಷರ್ ಹಾಕಿ.

ಹಳೇ_ಪಾನಾ

ಗುಂಡಣ್ಣ ಅವರ ಮಾತು ಅರ್ಧ ನಿಜ. ಹಿಡಿಯ ಬುಡದಲ್ಲಿ ಮಾತ್ರ ಜಿನುಗುತ್ತಿದ್ದು, ನಟ್ ಸಡಿಲವಾಗಿದ್ದರೆ, ಬಿಗಿ ಮಾಡಿದರೆ ನಿಲ್ಲೋದು ಉಂಟು. ಆ ನಟ್ ಕೆಲಸವೇ ಕಾರ್ಟ್ರಿಜನ್ನು ಗುಂಡಿಯ ತಳಕ್ಕೆ ಒತ್ತಿ ಹಿಡಿಯೋದು. ಆದರೆ ರಬ್ಬರ್ ಸತ್ತುಹೋಗಿದ್ದರೆ ಎಷ್ಟು ಬಿಗಿದರೂ ಹಿಡಿ ಗಟ್ಟಿಯಾಗುತ್ತೆ ಹೊರತು ನೀರು ನಿಲ್ಲಲ್ಲ. ಇನ್ನೂ ಬಿಗಿದರೆ ಪ್ಲಾಸ್ಟಿಕ್ ಕವಚ ಸೀಳುತ್ತೆ. ವಾಷರ್ ಅನ್ನೋದು ತಿರುಪು ನಲ್ಲಿಗೆ. ಇದರಲ್ಲಿ ಆ ವಾಷರ್ ಇಲ್ಲವೇ ಇಲ್ಲ.

ಮೇಘನಾ ಮೇಡಂ, ಬಿಚ್ಚೋ ಮೊದಲು ಒಂದು ಪರೀಕ್ಷೆ ಮಾಡಿ. ಹಿಡಿ ಮುಚ್ಚಿಯೇ ಇರಲಿ. ನಲ್ಲಿಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಈಗ ತಣ್ಣೀರಿನ ಆಂಗಲ್ ಕಾಕ್ ಒಂದನ್ನೇ ಮುಚ್ಚಿ ಕಾಲು ಗಂಟೆ ಬಿಡಿ. ಹನಿ ನಿಂತಿತಾ, ಬುಡದ ತೇವ ನಿಂತಿತಾ, ಎರಡನ್ನೂ ನೋಡಿ. ಆಮೇಲೆ ಅದನ್ನು ತೆರೆದು ಬಿಸಿಯದನ್ನು ಮುಚ್ಚಿ ಮತ್ತೆ ಅದೇ ರೀತಿ ನೋಡಿ. ಇನ್ನೊಂದು ವಿಷಯ ಬೇಕು: ಬುಡದ ತೇವ ನೀರು ಬಿಟ್ಟಾಗ ಮಾತ್ರವಾ, ಮುಚ್ಚಿದಾಗಲೂ ಇರುತ್ತಾ?

ನಿಧಾನಿ

ನಮ್ಮದೂ ಇದೇ ಥರದ ನಲ್ಲಿ. ಬಿಸಿನೀರು ಮಾತ್ರ ಸಣ್ಣದಾಗಿ ಬರುತ್ತೆ, ತಣ್ಣೀರು ಜೋರಾಗಿದೆ. ಇದಕ್ಕೂ ಕಾರ್ಟ್ರಿಜ್ ಬದಲಿಸಬೇಕಾ? ತೊಟ್ಟಿಕ್ಕೋದು ಇಲ್ಲ.

ಚಂದ್ರು_ಬಿ

ಮೂತಿ ತಿರುಗುವ ಜಾಗದಲ್ಲಿ, ಅಂದರೆ ಬುಡದ ಉಂಗುರದ ಹತ್ತಿರ ನೀರು ಬರ್ತಿದ್ರೆ ಅದು ಕಾರ್ಟ್ರಿಜ್ ಅಲ್ಲ ಮೇಡಂ. ಮೂತಿಯನ್ನು ಮೇಲಕ್ಕೆ ಎಳೆದು ತೆಗೆದರೆ ಒಳಗೆ ಎರಡು ಓ ರಿಂಗ್ ಇರುತ್ತವೆ, ಅವನ್ನು ಬದಲಿಸಿ. ಸುಮ್ಮನೆ ಕಾರ್ಟ್ರಿಜ್‌ಗೆ ದುಡ್ಡು ಹಾಕಬೇಡಿ.

ಮೇಘನಾ_ಕೆ

ಚಂದ್ರು ಅವರೇ, ನಮ್ಮದು ಮೂತಿಯ ಬುಡದಲ್ಲಿ ಅಲ್ಲ. ಮೇಲೆ, ಹಿಡಿಯ ಕೆಳಗಿರುವ ಗುಮ್ಮಟದಂಥ ಮುಚ್ಚಳದ ಅಂಚಿನಿಂದ ಬರುತ್ತೆ.

ಪಾನಾ ಸಾರ್, ನೀವು ಹೇಳಿದ ಹಾಗೆ ನೋಡಿದೆ. ತಣ್ಣೀರಿನದು ಮುಚ್ಚಿದರೆ ಮೂತಿಯ ಹನಿಯೂ ನಿಲ್ಲುತ್ತೆ, ಮುಚ್ಚಳದ ಅಂಚೂ ಒಣಗಿಯೇ ಇರುತ್ತೆ. ಬಿಸಿಯದು ಮುಚ್ಚಿದರೆ ಏನೂ ವ್ಯತ್ಯಾಸ ಇಲ್ಲ, ಎರಡೂ ಮುಂದುವರಿಯುತ್ತವೆ. ಬುಡದ ತೇವ ನಲ್ಲಿ ಮುಚ್ಚಿದಾಗಲೂ ಇದೆ. ರಾತ್ರಿ ಒರೆಸಿಟ್ಟರೆ ಬೆಳಿಗ್ಗೆ ಮತ್ತೆ ಒದ್ದೆ.

ಹಳೇ_ಪಾನಾ

ಚೆನ್ನಾಗಿ ನೋಡಿದ್ದೀರಿ. ಹಾಗಾದರೆ ತೊಂದರೆ ತಣ್ಣೀರಿನ ಕಡೆ.

ಒಳಗೆ ಏನು ನಡೀತಿದೆ ಅಂದರೆ, ಕಾರ್ಟ್ರಿಜ್‌ನ ತಳದಲ್ಲಿ ಸಾಮಾನ್ಯವಾಗಿ ಮೂರು ರಂಧ್ರ. ಎರಡರಲ್ಲಿ ಬಿಸಿನೀರು, ತಣ್ಣೀರು ಒಳಗೆ ಬರುತ್ತವೆ, ಮೂರನೆಯದರಿಂದ ಬೆರೆತ ನೀರು ಮೂತಿಗೆ ಹೋಗುತ್ತೆ. ಪ್ರತಿ ರಂಧ್ರದ ಸುತ್ತ ಒಂದು ರಬ್ಬರ್ ಸೀಲ್. ಅದರ ಮೇಲೆ ಎರಡು ಸೆರಾಮಿಕ್ ಬಿಲ್ಲೆ, ಕೆಳಗಿನದು ಅಲುಗಾಡಲ್ಲ, ಮೇಲಿನದು ಹಿಡಿಯ ಜೊತೆ ಜಾರುತ್ತೆ. ಬಿಲ್ಲೆಗಳ ನಡುವೆ ಸೋರಿದರೆ ನೀರಿಗೆ ದಾರಿ ಮೂತಿಯೇ, ಅಲ್ಲಿ ಹನಿಯುತ್ತೆ. ತಳದ ಸೀಲ್ ಸೋರಿದರೆ ನೀರು ಕಾರ್ಟ್ರಿಜ್‌ನ ಹೊರಗೆ, ಅದು ಕೂತಿರುವ ಗುಂಡಿಯೊಳಗೆ ತುಂಬಿ, ನಟ್ ದಾಟಿ ಮುಚ್ಚಳದ ಅಂಚಿಗೆ ಬರುತ್ತೆ.

ನೀರು ಬಿಟ್ಟಾಗ ಮಾತ್ರ ಬುಡ ಒದ್ದೆಯಾದರೆ ಮೂತಿಯ ಕಡೆಯ ಸೀಲ್ ಹೋಗಿದೆ ಅಂತ ಲೆಕ್ಕ, ಯಾಕಂದರೆ ಮುಚ್ಚಿದಾಗ ಅಲ್ಲಿ ಒತ್ತಡವೇ ಇರಲ್ಲ. ನಿಮ್ಮದು ಮುಚ್ಚಿದಾಗಲೂ ಒದ್ದೆ. ಅಂದರೆ ಸದಾ ಒತ್ತಡ ಇರುವ ತಣ್ಣೀರಿನ ರಂಧ್ರದ ಸೀಲ್. ಮೂತಿಯ ಹನಿಗೆ ಬಿಲ್ಲೆಗಳೂ ಕಾರಣ ಇರಬಹುದು, ಬಿಚ್ಚಿದ ಮೇಲೂ ಅದು ಕಣ್ಣಿಗೆ ಕಾಣೋದು ಕಷ್ಟ. ಹಿಡಿ ತಡೆದು ತಿರುಗುತ್ತೆ ಅಂತ ಬೇರೆ ಹೇಳಿದ್ದೀರಿ, ಅಂದರೆ ಬಿಲ್ಲೆಗಳ ನಡುವಿನ ಗ್ರೀಸ್ ತೊಳೆದುಹೋಗಿದೆ. ಕಾರ್ಟ್ರಿಜ್ ಬದಲಿಸಿಬಿಡಿ.

ಆದರೆ ಹೊಸದನ್ನು ಈಗಲೇ ತರಬೇಡಿ. ಮೊದಲು ಹಳೆಯದನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಕೊಳ್ಳೋದು.

ಸುಧಕ್ಕ

ಮೇಘನಾ, ನಾನು ನಮ್ಮನೆಯ ನಲ್ಲಿಗಳನ್ನು ನಾನೇ ಬಿಚ್ಚೋದು, ಹಾಗಾಗಿ ಬಿಚ್ಚೋ ಭಾಗ ನಾನು ಹೇಳ್ತೀನಿ. ತಪ್ಪಿದರೆ ಪಾನಾ ಸಾರ್ ತಿದ್ದಲಿ.

ಎರಡೂ ಆಂಗಲ್ ಕಾಕ್ ಮುಚ್ಚು. ಆಮೇಲೆ ಹಿಡಿ ಎತ್ತಿ, ಎಡಕ್ಕೂ ಬಲಕ್ಕೂ ತಿರುಗಿಸಿ ಉಳಿದ ನೀರು ಹರಿದುಹೋಗಲಿ. ಹನಿ ಪೂರ್ತಿ ನಿಲ್ಲೋವರೆಗೆ ಕಾಯಿ. ನಿಲ್ಲದೇ ಇದ್ದರೆ ಕಾಕ್ ಪೂರ್ತಿ ಮುಚ್ಚಿಲ್ಲ ಅಂತ, ಆಗ ಟ್ಯಾಂಕಿನಿಂದ ಬರುವ ವಾಲ್ವನ್ನೇ ಮುಚ್ಚಬೇಕಾಗುತ್ತೆ. ಹಾಗೆ ಮಾಡಿದರೆ ಗೀಸರ್ ಆಫ್ ಮಾಡೋದು ಮರೀಬೇಡ. ಇನ್ನೊಂದು, ಸಿಂಕಿನ ತೂತಿಗೆ ಬಟ್ಟೆ ತುರುಕು. ಹಿಡಿಯೊಳಗಿನ ಸ್ಕ್ರೂ ಅಕ್ಕಿಕಾಳಿನಷ್ಟೇ ಇರುತ್ತೆ, ಬಿದ್ದರೆ ಸೀದಾ ಪೈಪಿಗೆ.

ಹಿಡಿಯ ಮೇಲೋ ಹಿಂದೋ ಕೆಂಪು ನೀಲಿ ಬಣ್ಣದ ಸಣ್ಣ ಬಿರಡೆ ಇರುತ್ತೆ. ಅದನ್ನ ಉಗುರಿನಿಂದಲೋ ಚಪ್ಪಟೆ ಪ್ಲಾಸ್ಟಿಕ್‌ನಿಂದಲೋ ಎಬ್ಬಿಸು. ಕೆಳಗೆ ಅಲನ್ ಕೀ ಹಾಕುವ ಸ್ಕ್ರೂ. ಹೆಚ್ಚಾಗಿ 2.5 ಮಿ.ಮೀ. ಅಥವಾ 3 ಮಿ.ಮೀ. ಕೀ ಸರಿಹೊಂದುತ್ತೆ. ಕೀ ಪೂರ್ತಿ ಒಳಗೆ ಕೂತಿದೆ ಅಂತ ಖಾತ್ರಿ ಆದಮೇಲೆ ತಿರುಗಿಸು, ಸಡಿಲವಾದ ಕೀ ಹಾಕಿದರೆ ಸ್ಕ್ರೂವಿನ ಮೂಲೆ ಸವೆದು ಆಮೇಲೆ ಯಾವ ಕೀಗೂ ಬಗ್ಗಲ್ಲ. ಸ್ಕ್ರೂವನ್ನ ಪೂರ್ತಿ ಹೊರತೆಗೆಯೋದು ಬೇಡ, ಎರಡು ಮೂರು ಸುತ್ತು ಸಡಿಲ ಮಾಡಿದರೆ ಹಿಡಿ ಮೇಲಕ್ಕೆ ಬರುತ್ತೆ.

ಆಮೇಲೆ ಆ ಗುಮ್ಮಟದ ಮುಚ್ಚಳ. ಅದು ಹೆಚ್ಚಾಗಿ ಕೈಯಲ್ಲೇ ತಿರುಗುತ್ತೆ. ಬರದಿದ್ದರೆ ರಬ್ಬರ್ ಗ್ಲೌಸ್ ಹಾಕಿಕೊಂಡು ಹಿಡಿ. ಇಕ್ಕಳ ಹಾಕಿದರೆ ಹೊಳಪೆಲ್ಲ ಕೀರಿಹೋಗುತ್ತೆ. ಅದರ ಕೆಳಗೆ ನಟ್.

ಹಳೇ_ಪಾನಾ

ತಿದ್ದೋದೇನಿಲ್ಲ. ನಟ್ ಬಗ್ಗೆ ಎರಡು ಮಾತು ಸೇರಿಸ್ತೀನಿ.

ನಟ್ ಬಿಚ್ಚುವಾಗ ಒಂದು ಕೈಯಲ್ಲಿ ನಲ್ಲಿಯ ದೇಹವನ್ನು ಗಟ್ಟಿಯಾಗಿ ಹಿಡೀಬೇಕು. ಇಲ್ಲದಿದ್ದರೆ ನಟ್ ಬದಲು ಇಡೀ ನಲ್ಲಿ ಸಿಂಕಿನ ಮೇಲೆ ತಿರುಗುತ್ತೆ. ಕೆಳಗಿರುವ ಎರಡು ಹೋಸ್ ಪೈಪ್ ಹೆಣೆದುಕೊಂಡು, ನಲ್ಲಿಯನ್ನು ಹಿಡಿದಿರುವ ಕೆಳಗಿನ ನಟ್ ಸಡಿಲವಾಗುತ್ತೆ. ಮೂತಿ ತಿರುಗುವ ನಲ್ಲಿಯಾದರೆ ಮೂತಿಯನ್ನು ಹಿಡಿದು ಪ್ರಯೋಜನ ಇಲ್ಲ, ಕಂಬವನ್ನೇ ಹಿಡೀಬೇಕು. ಒಬ್ಬರು ಜೊತೆಗಿದ್ದರೆ ಒಳ್ಳೇದು.

ಹಿತ್ತಾಳೆ ನಟ್ ಉಪ್ಪುಕಟ್ಟಿ ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ. ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯ ಚೂರನ್ನು ನಟ್ ಸುತ್ತ ಇಟ್ಟು ಅರ್ಧ ಗಂಟೆ ಬಿಡಿ, ಹೊರಗಿನ ಹೊಳಪಿನ ಭಾಗಕ್ಕೆ ತಾಕದ ಹಾಗೆ ನೋಡಿಕೊಳ್ಳಿ. ಆಮೇಲೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಕಚ್ಚು ಬಿಟ್ಟ ಮೇಲೆ ಎಡಕ್ಕೆ ತಿರುಗಿಸಿ ಬಿಚ್ಚಿ. ನಟ್ ಪ್ಲಾಸ್ಟಿಕ್‌ನದಾಗಿದ್ದರೆ ಪಾನಾ ಬಾಯಿ ಆರು ಮುಖಗಳಿಗೆ ಸರಿಯಾಗಿ ಕೂರಲೇಬೇಕು.

ಕಾರ್ಟ್ರಿಜ್ ಮೇಲಕ್ಕೆತ್ತುವ ಮೊದಲು ಅದರ ಮೇಲೆ ಮಾರ್ಕರ್‌ನಿಂದ, ಮೂತಿಯ ಕಡೆ ಮುಖ ಮಾಡಿದ ಬದಿಗೆ ಒಂದು ಗೆರೆ ಎಳೆಯಿರಿ. ಒಂದು ಫೋಟೋನೂ ತೆಗೀರಿ. ಆಮೇಲೆ ಹಿಡಿಯ ಕಡ್ಡಿಯನ್ನು ಹಿಡಿದು ಅಲುಗಿಸುತ್ತಾ ನೇರ ಮೇಲಕ್ಕೆ.

ಗುಂಡಣ್ಣ

ಕಾರ್ಟ್ರಿಜ್ ಎಲ್ಲಾ ಒಂದೇ ಅಳತೆ ಅಲ್ವಾ? ನಾನು ಯಾವಾಗ್ಲೂ 40 ಮಿ.ಮೀ. ತರ್ತೀನಿ.

ಹಳೇ_ಪಾನಾ

ಅಲ್ಲ. 40, 35 ಹೆಚ್ಚು ಸಿಗುತ್ತವೆ, ತೆಳ್ಳಗಿನ ನಲ್ಲಿಗಳಲ್ಲಿ 25ರದ್ದೂ ಇದೆ. ನಿಮ್ಮನೆಯ ನಲ್ಲಿಗಳೆಲ್ಲ 40ರವೇ ಇರಬೇಕು.

ಮೇಘನಾ_ಕೆ

ಬಿಚ್ಚಿದೆ! ಮುಚ್ಚಳ ಸ್ವಲ್ಪ ಸತಾಯಿಸಿತು, ನಟ್ ವಿನೆಗರ್ ಇಟ್ಟಮೇಲೆ ಬಂತು. ತಮ್ಮ ಕಂಬ ಹಿಡಿದುಕೊಂಡ.

ಕಾರ್ಟ್ರಿಜ್ ಕೈಯಲ್ಲಿದೆ. ವರ್ನಿಯರ್ ಇಲ್ಲ, ಸ್ಕೇಲ್ ಇಟ್ಟರೆ 35 ಅಂತಲೂ ಅನ್ನಿಸುತ್ತೆ, 36 ಅಂತಲೂ ಅನ್ನಿಸುತ್ತೆ. ಕೆಳಗೆ ಎರಡು ಸಣ್ಣ ಗೂಟ ಇವೆ. ತಳದಲ್ಲಿ ಮೂರು ರಂಧ್ರ. ರಬ್ಬರ್ ಕಪ್ಪಗೆ, ಒತ್ತಿದರೆ ಗಟ್ಟಿಯಾಗಿದೆ. ನಲ್ಲಿಯ ಗುಂಡಿಯಲ್ಲಿ ಮಣ್ಣು ಬಣ್ಣದ ಕೆಸರು, ಬಿಳಿ ಹುಡಿ.

ಹಳೇ_ಪಾನಾ

ವರ್ನಿಯರ್ ಬೇಡ. ಕಾಗದದ ಪಟ್ಟಿಯೊಂದನ್ನು ಕಾರ್ಟ್ರಿಜ್‌ನ ದಪ್ಪ ಭಾಗಕ್ಕೆ ಸುತ್ತಿ, ಸೇರುವಲ್ಲಿ ಗುರುತು ಹಾಕಿ, ಬಿಡಿಸಿ ಸ್ಕೇಲಿನಲ್ಲಿ ಅಳೆಯಿರಿ. ಸುತ್ತಳತೆ ಸುಮಾರು 110 ಮಿ.ಮೀ. ಬಂದರೆ 35ರದ್ದು, 126ರ ಹತ್ತಿರ ಬಂದರೆ 40ರದ್ದು. ಇವೆರಡರ ನಡುವೆ ಅನುಮಾನಕ್ಕೆ ಜಾಗವೇ ಇಲ್ಲ.

ಅಳತೆ ಒಂದೇ ಇದ್ದರೆ ಸಾಲದು. ಎತ್ತರ ಹೊಂದಬೇಕು, ಇಲ್ಲದಿದ್ದರೆ ನಟ್ ಒತ್ತುವ ಮೊದಲೇ ಅದರ ತಿರುಪಿನ ಮರೆ ಮುಗಿದುಹೋಗುತ್ತೆ, ಇಲ್ಲವೇ ಹಿಡಿ ಮುಚ್ಚಳಕ್ಕೆ ಉಜ್ಜುತ್ತೆ. ಹಿಡಿ ಕೂರುವ ಚೌಕಾಕಾರದ ಕಡ್ಡಿಯ ದಪ್ಪ ಹೊಂದಬೇಕು. ತಳ ಚಪ್ಪಟೆಯಾಗಿದೆಯೋ ಕಾಲಿನ ಮೇಲೆ ಎತ್ತರಿಸಿದೆಯೋ ನೋಡಬೇಕು. ಗೂಟಗಳ ಜಾಗವೂ ರಂಧ್ರಗಳ ಜಾಗವೂ ಒಂದರ ಮೇಲೊಂದು ಕೂರಬೇಕು. ಅದಕ್ಕೇ ಹಳೆಯದನ್ನು ಜೇಬಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಎರಡನ್ನೂ ತಳಕ್ಕೆ ತಳ ಇಟ್ಟು ನೋಡಿ ತನ್ನಿ.

ಈಗ ಒಂದು ಪ್ರಶ್ನೆ. ತಳದ ಮೂರು ರಂಧ್ರದಲ್ಲಿ ಮೂರಕ್ಕೂ ರಬ್ಬರ್ ಇದೆಯಾ? ಎಣಿಸಿ ಹೇಳಿ.

ಮೇಘನಾ_ಕೆ

ಸುತ್ತಳತೆ 110. ಹಾಗಾದರೆ 35.

ರಬ್ಬರ್ ಎರಡೇ ಇವೆ ಸಾರ್! ಒಂದು ರಂಧ್ರದ ಸುತ್ತ ಬರೀ ಖಾಲಿ ತೋಡು ಕಾಣಿಸ್ತಿದೆ. ಗೆರೆ ಎಳೆದಿದ್ದ ಲೆಕ್ಕದಲ್ಲಿ ಅದು ಬಲಗಡೆಯದು, ತಣ್ಣೀರಿನದು. ಮೊದಲಿಂದಲೂ ಇರಲಿಲ್ಲವಾ?

ಹಳೇ_ಪಾನಾ

ಇತ್ತು. ಅದು ಗುಂಡಿಯಲ್ಲೇ ಕೂತಿದೆ. ಟಾರ್ಚ್ ಹಾಕಿ ನೋಡಿ, ತಣ್ಣೀರಿನ ರಂಧ್ರದ ಸುತ್ತ ತಳಕ್ಕೆ ಅಂಟಿಕೊಂಡು ಚಪ್ಪಟೆಯಾಗಿರುತ್ತೆ. ಕೆಸರಿನ ಬಣ್ಣಕ್ಕೇ ತಿರುಗಿರೋದರಿಂದ ರಬ್ಬರ್ ಅಂತ ಗೊತ್ತಾಗಲ್ಲ. ಹಲ್ಲುಕಡ್ಡಿಯ ತುದಿಯಿಂದ ಅಂಚನ್ನು ಎಬ್ಬಿಸಿ. ಲೋಹದ ಮೊನೆ ಬೇಡ, ತಳದಲ್ಲಿ ಗೀರು ಬಿದ್ದರೆ ಹೊಸ ಸೀಲೂ ಅಲ್ಲಿ ಸೋರುತ್ತೆ.

ಹೊಸ ಕಾರ್ಟ್ರಿಜ್ ಹಾಕಿದರೂ ನೀರು ನಿಂತಿಲ್ಲ ಅಂತ ನನ್ನನ್ನು ಕರೆಸಿದ ಕಡೆ ಮೊದಲು ಹುಡುಕೋದು ಇದನ್ನೇ. ಹಳೆ ರಬ್ಬರ್ ಮೇಲೆ ಹೊಸ ರಬ್ಬರ್ ಕೂತಿರುತ್ತೆ. ಆ ಒಂದು ಬದಿ ಎತ್ತರವಾಗಿ ಕಾರ್ಟ್ರಿಜ್ ವಾಲುತ್ತೆ, ಎದುರು ಬದಿಯ ಸೀಲ್ ತಳಕ್ಕೆ ಮುಟ್ಟಲ್ಲ. ಜನ ನಟ್ ಬಿಗೀತಾರೆ, ಕವಚ ಒಡೀತಾರೆ, ಹೊಸದೇ ಕಳಪೆ ಅಂತ ಬೈತಾರೆ.

ಮೇಘನಾ_ಕೆ

ಸಿಕ್ಕಿತು. ಎಬ್ಬಿಸಿದಾಗ ಎರಡು ತುಂಡಾಗಿ ಬಂತು, ತಳದ ಕಡೆ ಗಾಜಿನ ಹಾಗೆ ನುಣುಪಾಗಿದೆ, ಒಂದು ಪಕ್ಕದಲ್ಲಿ ಸೀಳಿದೆ. ಎರಡು ತುಂಡನ್ನೂ ಜೋಡಿಸಿ ನೋಡಿದೆ, ಉಂಗುರ ಪೂರ್ತಿ ಆಯ್ತು, ಚೂರು ಒಳಗೆ ಉಳಿದಿಲ್ಲ.

ಸುಧಕ್ಕ

ಜೋಡಿಸಿ ನೋಡಿದ್ದು ಜಾಣತನ ಕಣಮ್ಮ.

ಗುಂಡಣ್ಣ

ನೋಡಿ, ನಾನು ಹೇಳಿದ್ದೇ ಆಯ್ತು. ವಾಷರ್ ಅಂದೆ, ನಗಾಡಿದ್ರಿ. ರಬ್ಬರ್ ಮೂರು ಬದಲಿಸಿದರೆ ಸಾಕಲ್ವಾ? ಹೊಸ ಕಾರ್ಟ್ರಿಜ್ ಯಾಕೆ?

ಹಳೇ_ಪಾನಾ

ಗುಂಡಣ್ಣ, ಈ ಬಾರಿ ನಿಮ್ಮ ಮಾತು ತಳ್ಳಿಹಾಕೋಕಾಗಲ್ಲ. ಬುಡದ ಸೋರಿಕೆಗೆ ಈ ಸೀಲ್ ಕಾರಣ ಅನ್ನೋದು ಖಚಿತ. ಮೂತಿಯ ಹನಿಗೂ ಇದೇ ಇರಬಹುದು, ಯಾಕಂದರೆ ಗುಂಡಿಯಲ್ಲಿ ತುಂಬಿದ ನೀರು ಗಟ್ಟಿಯಾದ ಇನ್ನೊಂದು ಸೀಲನ್ನು ದಾಟಿ ಮೂತಿಯ ರಂಧ್ರಕ್ಕೂ ನುಗ್ಗಬಲ್ಲದು. ಸೀಲ್‌ಗಳು ಬಿಡಿಯಾಗಿ ಸರಿಯಾದ ಅಳತೆಯಲ್ಲಿ ಸಿಕ್ಕರೆ ಪ್ರಯತ್ನಿಸಬಹುದು. ಆದರೆ ಅವು ದುಂಡನೆಯ ಓ ರಿಂಗ್ ಅಲ್ಲ, ರಂಧ್ರದ ಆಕಾರಕ್ಕೆ ಎರಕ ಹೊಯ್ದವು, ಬಿಡಿಯಾಗಿ ಸಿಗೋದು ಅಪರೂಪ. ಮತ್ತೆ ಹಿಡಿ ತಡೆಯೋ ದೂರು ಉಳಿದೇ ಇರುತ್ತೆ.

ಸುಧಕ್ಕ

ನಾನು ಹಳೇ ಕಾರ್ಟ್ರಿಜ್ ಬಿಚ್ಚಿ ಬಿಲ್ಲೆಗಳನ್ನು ತೊಳೆದು, ಸಿಲಿಕೋನ್ ಗ್ರೀಸ್ ಹಚ್ಚಿ ಮತ್ತೆ ಹಾಕಿದ್ದೀನಿ. ಇವತ್ತಿಗೂ ನಡೀತಿದೆ. ಸೆರಾಮಿಕ್ ಸವೆಯೋದೇ ಇಲ್ಲ ಅಂತಾರಲ್ಲ?

ಹಳೇ_ಪಾನಾ

ಸವೆತ ಕಡಿಮೆ ಅನ್ನೋದು ನಿಜ. ಆ ಬಿಲ್ಲೆ ಅಲ್ಯುಮಿನಾ, ಪೈಪಿನ ತುಕ್ಕಾಗಲಿ ಮರಳಾಗಲಿ ಅದಕ್ಕಿಂತ ಮೆತ್ತಗೆ. ಹಾಗಾಗಿ ಕಸ ಬಿಲ್ಲೆಯನ್ನು ಗೀರುವುದಕ್ಕಿಂತ ಹೆಚ್ಚಾಗಿ ನಡುವೆ ಸಿಕ್ಕಿಕೊಂಡು ಎರಡನ್ನೂ ಎತ್ತಿ ಹಿಡಿಯುತ್ತೆ, ಆ ಸಂದಿಯಲ್ಲಿ ನೀರು ನುಸುಳುತ್ತೆ. ನಿಜವಾಗಿ ಸಾಯೋದು ರಬ್ಬರ್, ಗ್ರೀಸ್, ಹಿಡಿಯ ಕಡ್ಡಿ ಕೂರುವ ಪ್ಲಾಸ್ಟಿಕ್. ಬಿಲ್ಲೆಯ ಅಂಚು ಚಕ್ಕೆ ಎದ್ದಿದ್ದರೆ ಮಾತ್ರ ಏನೂ ಮಾಡೋಕಾಗಲ್ಲ.

ನೀವು ತೊಳೆದು ಹಾಕಿದ್ದು ಕೆಲಸ ಮಾಡಿರಬಹುದು. ನಾನು ಮಾತ್ರ ಅದನ್ನ ಸಲಹೆ ಕೊಡಲ್ಲ. ಕವಚದ ಕೊಂಡಿಗಳು ಒಮ್ಮೆ ಬಿಚ್ಚಿದ ಮೇಲೆ ಮೊದಲಿನಷ್ಟು ಬಿಗಿ ಹಿಡಿಯಲ್ಲ.

ಸುಧಕ್ಕ

ನಮ್ಮದು ಹಿಡಿದಿದೆ. ಇರಲಿ, ಒಬ್ಬೊಬ್ಬರದು ಒಂದೊಂದು ಅನುಭವ.

ಮೇಘನಾ_ಕೆ

ಹೊಸದು ತಂದೆ. ಹಳೆಯದರ ತಳಕ್ಕೆ ತಳ ಇಟ್ಟು ನೋಡಿಯೇ ತಂದೆ, ಎತ್ತರವೂ ಒಂದೇ. ಅಂಗಡಿಯವರು ಮೊದಲು ಕೊಟ್ಟದ್ದು ಅದೇ 35 ಆದರೂ ಕಡ್ಡಿ ಗಿಡ್ಡ ಇತ್ತು, ವಾಪಸ್ ಕೊಟ್ಟು ಬೇರೆ ತೆಗೆಸಿದೆ. ಈಗ ಹಾಕೋ ಮೊದಲು ಗುಂಡಿ ಹೇಗೆ ತೊಳೀಬೇಕು?

ಹಳೇ_ಪಾನಾ

ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ತಳ ಒರೆಸಿ, ಬಿಳಿ ಉಪ್ಪು ಕರಗಲಿ. ಗೂಟ ಇಳಿಯುವ ಎರಡು ಸಣ್ಣ ಕುಳಿಗಳನ್ನು ಹಲ್ಲುಕಡ್ಡಿಯಿಂದ ಬಿಡಿಸಿ, ಅಲ್ಲಿ ಹರಳು ಕೂತಿದ್ದರೆ ಕಾರ್ಟ್ರಿಜ್ ಪೂರ್ತಿ ಇಳಿಯಲ್ಲ. ನಟ್‌ನ ಮರೆಗಳನ್ನೂ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಉಜ್ಜಿ. ಬೆರಳಾಡಿಸಿದರೆ ತಳ ನುಣ್ಣಗಿರಬೇಕು.

ಆಮೇಲೆ ಪೈಪಿನ ಕಸ ಹೊರಗೆ ಬಿಡಬೇಕು, ಇದನ್ನ ಬಿಡಬೇಡಿ. ತೆರೆದ ಗುಂಡಿಯ ಮೇಲೆ ಒಂದು ಲೋಟವನ್ನು ಬೋರಲು ಹಾಕಿ ಒಬ್ಬರು ಗಟ್ಟಿಯಾಗಿ ಹಿಡೀಲಿ, ಸುತ್ತ ಬಟ್ಟೆ. ಇನ್ನೊಬ್ಬರು ಕೆಳಗಿನಿಂದ ತಣ್ಣೀರಿನ ಕಾಕ್ ಸ್ವಲ್ಪವೇ ತೆರೆದು ಎರಡು ಮೂರು ಸೆಕೆಂಡ್‌ನಲ್ಲಿ ಮುಚ್ಚಲಿ. ಬಿಸಿಯದನ್ನೂ ಹಾಗೆಯೇ, ಆದರೆ ಗೀಸರ್ ಆರಿ ನೀರು ತಣ್ಣಗಾದ ಮೇಲೆ. ಕಾಕ್ ತಿರುಗಿಸಿದಾಗ ಅದರೊಳಗಿನ ಉಪ್ಪು ಕಳಚಿ ಮೇಲಕ್ಕೆ ಬರುತ್ತೆ. ಅದು ಈಗ ಹೊರಬರದಿದ್ದರೆ ಹೊಸ ಬಿಲ್ಲೆಗಳ ನಡುವೆ ಹೋಗಿ ಕೂರುತ್ತೆ.

ಗುಂಡಣ್ಣ

ರಬ್ಬರ್‌ಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ, ಸಲೀಸಾಗಿ ಇಳಿಯುತ್ತೆ.

ಹಳೇ_ಪಾನಾ

ಬೇಡ. ನಲ್ಲಿಯ ಸೀಲ್‌ಗಳು ಹೆಚ್ಚಾಗಿ ಇಪಿಡಿಎಂ ರಬ್ಬರ್, ಪೆಟ್ರೋಲಿಯಂ ಜೆಲ್ಲಿಯೋ ಎಂಜಿನ್ ಗ್ರೀಸೋ ತಾಕಿದರೆ ಊದಿಕೊಂಡು ಮೆತ್ತಗಾಗುತ್ತೆ. ಹಚ್ಚಲೇಬೇಕು ಅಂದರೆ ಕುಡಿಯುವ ನೀರಿಗೆ ನಡೆಯುವ ಸಿಲಿಕೋನ್ ಗ್ರೀಸ್, ಅದೂ ಬೆರಳ ತುದಿಗೆ ತಾಕಿದಷ್ಟು. ಇಲ್ಲದಿದ್ದರೆ ನೀರಿನಲ್ಲಿ ಒದ್ದೆ ಮಾಡಿದರೆ ಸಾಕು. ಮರೆಗಳಿಗೆ ಟೆಫ್ಲಾನ್ ಟೇಪೂ ಬೇಡ, ಇಲ್ಲಿ ನೀರು ತಡೆಯೋದು ಮರೆ ಅಲ್ಲ.

ಕೂರಿಸುವಾಗ: ಮೂರೂ ಸೀಲ್ ತಮ್ಮ ತೋಡಿನಲ್ಲಿವೆಯಾ ಅಂತ ನೋಡಿ ನೇರವಾಗಿ ಇಳಿಸಿ. ಗೂಟ ಕುಳಿಗೆ ಬಿದ್ದಾಗ ಬೆರಳಿಗೆ ಗೊತ್ತಾಗುತ್ತೆ, ಆಮೇಲೆ ಕಾರ್ಟ್ರಿಜ್‌ನ ಹೊರಕವಚ ಎಡಬಲಕ್ಕೆ ಅಲುಗಾಡಬಾರದು. ಅಲುಗಾಡಿದರೆ ಗೂಟ ಕುಳಿಯಲ್ಲಿಲ್ಲ, ನಟ್ ಹಾಕಬೇಡಿ. ಕೂತಮೇಲೆ ನಟ್ ಕೈಯಲ್ಲೇ ತಿರುಗಿಸಿ, ಕೈಗೆ ಬಾರದಾದಾಗ ಪಾನಾದಿಂದ ಕಾಲು ಸುತ್ತಿಗಿಂತಲೂ ಕಡಿಮೆ. ಮೊದಲೇ ಪೂರ್ತಿ ಬಿಗಿಯಬೇಡಿ.

ಮುಚ್ಚಳ ಹಾಕದೆ, ಹಿಡಿಯನ್ನು ಕಡ್ಡಿಗೆ ಸುಮ್ಮನೆ ಸಿಕ್ಕಿಸಿ ಪರೀಕ್ಷಿಸಿ. ಹಿಡಿ ಅರ್ಧ ತೆರೆದು, ಕಾಕ್‌ಗಳನ್ನು ನಿಧಾನವಾಗಿ ತೆರೆಯಿರಿ, ಗಾಳಿ ಬುಸುಬುಸು ಅಂತ ಹೋಗಲಿ. ಆಮೇಲೆ ಮುಚ್ಚಿ ನಟ್‌ನ ಸುತ್ತ ಒಣ ಟಿಶ್ಯೂ ಕಾಗದ ಸುತ್ತಿ ಇಡಿ. ಜಿನುಗು ಕಣ್ಣಿಗೆ ಕಾಣೋಕೆ ಮೊದಲು ಕಾಗದದಲ್ಲಿ ಕಾಣುತ್ತೆ.

ಮೇಘನಾ_ಕೆ

ಲೋಟ ಹಿಡಿದು ನೀರು ಬಿಟ್ಟಾಗ ಬಂದದ್ದನ್ನು ನೋಡಬೇಕಿತ್ತು, ಕಂದು ಬಣ್ಣದ ಹರಳು, ಬಿಳಿ ಚಕ್ಕೆ. ತಣ್ಣೀರಿನ ಕಡೆಯೇ ಹೆಚ್ಚು.

ಹಾಕಿದೆ. ಮೂತಿಯಿಂದ ಹನಿ ಇಲ್ಲ. ಆದರೆ ಟಿಶ್ಯೂ ಒಂದು ಕಡೆ ಒದ್ದೆಯಾಯ್ತು, ನೀರು ಬಿಟ್ಟು ಹಿಡಿಯನ್ನು ಮಧ್ಯದಲ್ಲಿ ಇಟ್ಟಾಗ ಮಾತ್ರ. ಮುಚ್ಚಿದಾಗ ಇಲ್ಲ.

ಹಳೇ_ಪಾನಾ

ನೀರು ಬಿಟ್ಟಾಗ ಮಾತ್ರ ಅಂದರೆ ಮೂತಿಯ ಕಡೆಯ ಸೀಲ್ ಇನ್ನೂ ಪೂರ್ತಿ ಒತ್ತಿಲ್ಲ. ನೀರು ಮುಚ್ಚಿ ಒತ್ತಡ ಇಳಿಸಿ, ನಟ್ಟನ್ನು ಗಡಿಯಾರದ ಒಂದು ಗಂಟೆಯಷ್ಟು ಮಾತ್ರ ಮುಂದಕ್ಕೆ ತಿರುಗಿಸಿ. ಮತ್ತೆ ಒಣ ಕಾಗದ. ಪ್ರತಿ ಸಲ ಹಿಡಿಯನ್ನು ಆಡಿಸಿ ನೋಡಿ. ಎರಡು ಬೆರಳಿಗೆ ಬರುತ್ತಿದ್ದ ಹಿಡಿ ಕೈ ಪೂರ್ತಿ ಕೇಳಲು ಶುರು ಮಾಡಿದರೆ ಮಿತಿ ದಾಟಿದಿರಿ ಅಂತ, ಅಲ್ಲಿಂದ ಸ್ವಲ್ಪ ಸಡಿಲಿಸಿ. ಹಿಡಿ ಗಟ್ಟಿಯಾಗಿಯೂ ಕಾಗದ ಒದ್ದೆಯೇ ಆದರೆ ಮತ್ತೆ ಬಿಚ್ಚಿ, ತಳದಲ್ಲಿ ಏನೋ ಸಿಕ್ಕಿದೆ.

ಮೇಘನಾ_ಕೆ

ಎರಡನೇ ಸಲ ತಿರುಗಿಸಿದಾಗ ನಿಂತಿತು. ಹಿಡಿ ನಯವಾಗಿದೆ. ಒಂದು ಗಂಟೆ ಕಾಗದ ಬಿಟ್ಟು ನೋಡಿದೆ, ಒಣ. ಮುಚ್ಚಳ, ಹಿಡಿ, ಸ್ಕ್ರೂ, ಬಿರಡೆ ಎಲ್ಲಾ ಹಾಕಿ ಆಯ್ತು. ಬಿಸಿ ಎಡಕ್ಕೆ, ತಣ್ಣೀರು ಬಲಕ್ಕೆ, ಸರಿಯಾಗಿದೆ.

ನೀರು ಮುಚ್ಚಿದ ಮೇಲೆ ಮೂತಿಯಿಂದ ಕೆಲವು ಹನಿ ಬಿದ್ದು ನಿಲ್ಲುತ್ತೆ. ಇದು ಸೋರಿಕೆಯಾ?

ಚಂದ್ರು_ಬಿ

ಬಾಗಿದ ಎತ್ತರದ ಮೂತಿಯಾದರೆ ಒಳಗೆ ಉಳಿದ ನೀರು ಹಾಗೆ ಇಳಿಯುತ್ತೆ ಮೇಡಂ. ನಿಂತುಹೋದರೆ ಚಿಂತೆ ಇಲ್ಲ. ಕಾಲು ಗಂಟೆ ಬಿಟ್ಟೂ ಬೀಳ್ತಿದ್ರೆ ಮಾತ್ರ ನೋಡಿ.

ಗುಂಡಣ್ಣ

ಪಕ್ಕದ ಮನೆಯವರದು ಕಾರ್ಟ್ರಿಜ್ ಬದಲಿಸಿದ ಮೇಲೆ ಬಿಸಿ ಬಲಕ್ಕೆ, ತಣ್ಣೀರು ಎಡಕ್ಕೆ ಆಗಿದೆ. ಅದಕ್ಕೇನು ಮಾಡೋದು?

ಹಳೇ_ಪಾನಾ

ಕೆಲವು ಕಾರ್ಟ್ರಿಜ್ ಎರಡು ದಿಕ್ಕಿಗೂ ಕೂರುತ್ತವೆ. ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಹಾಕಲಿ. ಗೂಟಗಳು ಒಂದೇ ದಿಕ್ಕಿಗೆ ಮಾತ್ರ ಕೂರುವ ಹಾಗಿದ್ದರೆ ಕೆಳಗಿನ ಹೋಸ್ ಎರಡನ್ನೂ ಅದಲುಬದಲು ಮಾಡಿದರಾಯ್ತು, ಉದ್ದ ಸಾಕಾಗಬೇಕು ಅಷ್ಟೆ.

ನಿಧಾನಿ

ನನ್ನ ಬಿಸಿನೀರಿನ ಕಥೆ ಯಾರೂ ಕೇಳಲೇ ಇಲ್ಲ. ಮೂತಿಯ ತುದಿಯ ಜಾಲರಿ ಬಿಚ್ಚಿ ತೊಳೆದೆ, ಅದರಿಂದ ತಣ್ಣೀರು ಇನ್ನಷ್ಟು ಜೋರಾಯ್ತು, ಬಿಸಿ ಹಾಗೇ ಇದೆ.

ಹಳೇ_ಪಾನಾ

ಜಾಲರಿ ಎರಡಕ್ಕೂ ಒಂದೇ ತಾನೇ, ಅದು ಕಾರಣ ಅಲ್ಲ ಅಂತ ಆಯ್ತು. ಗೀಸರ್ ಆರಿಸಿ, ನೀರು ತಣ್ಣಗಾದ ಮೇಲೆ ಬಿಸಿ ಕಡೆಯ ಆಂಗಲ್ ಕಾಕ್ ಮುಚ್ಚಿ, ನಲ್ಲಿಗೆ ಹೋಗುವ ಹೋಸನ್ನು ಕಾಕ್ ಕಡೆಯಿಂದ ಬಿಚ್ಚಿ. ಕಾಕ್‌ನ ಬಾಯಿಗೆ ಬಕೆಟ್ ಹಿಡಿದು ತೆರೆದು ನೋಡಿ. ಅಲ್ಲೇ ಸಣ್ಣದಾಗಿ ಬಂದರೆ ಕಾಕ್ ಅಥವಾ ಅದರ ಹಿಂದಿನ ಪೈಪು. ಅಲ್ಲಿ ಜೋರಾಗಿ ಬಂದರೆ ಹೋಸ್ ಅಥವಾ ಕಾರ್ಟ್ರಿಜ್‌ನ ಬಿಸಿ ರಂಧ್ರದಲ್ಲಿ ಏನೋ ಸಿಕ್ಕಿದೆ. ಕೆಲವು ಹೋಸ್‌ಗಳ ಒಳರಬ್ಬರ್ ಬಿಸಿಗೆ ಮುದುಡಿ ದಾರಿ ಮುಚ್ಚೋದೂ ಉಂಟು, ಊದಿ ನೋಡಿ.

ನಿಧಾನಿ

ಕಾಕ್ ಬಾಯಲ್ಲಿ ಜೋರಾಗೇ ಬರುತ್ತೆ. ಹೋಸ್ ಊದಿದರೆ ಗಾಳಿ ಹೋಗುತ್ತೆ, ಆದರೆ ಸಲೀಸಾಗಿ ಅಂತ ಹೇಳೋಕಾಗ್ತಿಲ್ಲ. ಇನ್ನೊಂದು ಹೋಸ್ ಬಿಚ್ಚಿ ಹೋಲಿಸಿ ನೋಡ್ತೀನಿ.